ಗೀಸರ್ ಅಡಿಯ ಹನಿ ಎಲ್ಲಿಂದ ಬಂತು?

ಮಳೆಗಾಲ ಶುರುವಾಗಿ ಎರಡನೇ ಭಾನುವಾರ. ಬಲಿಪೂಜೆ ಮುಗಿದು ನಾವು ಯುವಜನರೆಲ್ಲ ಹಾಲ್‌ನ ಕುರ್ಚಿಗಳನ್ನು ಒಳಗಿಡುತ್ತಿದ್ದಾಗ ಟೀಚರ್ ಬಂದರು. ನಮ್ಮಲ್ಲಿ ಅರ್ಧ ಮಂದಿ ಅವರ ಅಂಗನವಾಡಿಯಲ್ಲಿ ಅಕ್ಷರ ಕಲಿತವರು. ಈಗ ನಿವೃತ್ತರಾಗಿ ಒಬ್ಬರೇ ಇದ್ದಾರೆ.

"ಮಕ್ಕಳೇ, ಗೀಸರಿನ ಅಡಿಯಿಂದ ನೀರು ಬೀಳ್ತಾ ಉಂಟು. ಪ್ಲಂಬರ್ ಬಂದು ನೋಡಿ ಹೊಸತು ಹಾಕಿ ಅಂದ. ಬಿಚ್ಚಿ ಸಹ ನೋಡಲಿಲ್ಲ. ಎಂಟೂವರೆ ಸಾವಿರ ಅಂತೆ. ನೀವೊಮ್ಮೆ ನೋಡ್ತೀರಾ?"

ಅವರಿಗೆ ಮಂಡಿ ನೋವು, ದಿನಾ ಬಿಸಿನೀರು ಬೇಕೇ ಬೇಕು. ಗೀಸರ್ ಬಂದ ಮೇಲೆ ಬಚ್ಚಲಿನ ಹಂಡೆಗೆ ಬೆಂಕಿ ಹಾಕುವುದನ್ನು ಬಿಟ್ಟಿದ್ದರು. ಮಳೆಗಾಲದಲ್ಲಿ ಒದ್ದೆ ಮಡಲು, ಸೋಗೆ ಒಟ್ಟುಮಾಡಿ ಉರಿಸುವ ವಯಸ್ಸು ಅವರದ್ದಲ್ಲ. ಎಂಟೂವರೆ ಸಾವಿರ ಕೊಡುವಷ್ಟು ಪೆನ್ಶನ್ ಸಹ ಇಲ್ಲ. ಬಿಚ್ಚದೆಯೇ ಹೊಸತು ಹಾಕಿ ಅಂದ ಪ್ಲಂಬರ್ ಮೇಲೆ ನಮಗೆ ಸಿಟ್ಟು ಬಂತು. "ಗ್ಯಾಸ್ಕೆಟ್ ಹೋಗಿರಬೇಕು ಟೀಚರ್, ನೂರೈವತ್ತು ರೂಪಾಯಿಯ ಕೆಲಸ" ಅಂದೆವು. ಗೀಸರನ್ನು ಇನ್ನೂ ಕಣ್ಣಲ್ಲಿ ನೋಡಿರಲಿಲ್ಲ. ಬಿಎಸ್ಸಿ ಮಾಡಿದವರ ಬಾಯಿ ಸ್ವಲ್ಪ ಮುಂದೆ!

ಅದು ಗೋಡೆಗೆ ನೇತುಹಾಕಿದ 25 ಲೀಟರಿನ ಗೀಸರ್, ಒಂಬತ್ತು ವರ್ಷ ಹಳತು. ನಮ್ಮ ಕಡೆಯ ಹೆಚ್ಚಿನ ಗೀಸರ್‌ಗಳ ಒಳಗೆ ಇರುವುದು ಉಕ್ಕಿನ ಟ್ಯಾಂಕ್. ಅದರ ಒಳಮೈಗೆ ಗಾಜಿನಂಥ ಎನಾಮಲ್ ಲೇಪನ ಇರುತ್ತದೆ. ಟ್ಯಾಂಕ್ ಸುತ್ತ ಹಳದಿ ಫೋಮ್, ಅದರ ಹೊರಗೆ ನಾವು ನೋಡುವ ಬಿಳಿ ಕವಚ. ಅಡಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಂದು ದುಂಡು ತಟ್ಟೆ ಕಾಣುತ್ತದೆ. ಅದೇ ಫ್ಲ್ಯಾಂಜ್. ನೀರು ಕಾಯಿಸುವ ಕಾಯಿಲ್ ಮತ್ತು ಆನೋಡ್ ಎಂಬ ಕಡ್ಡಿ ಈ ತಟ್ಟೆಗೆ ಸೇರಿಕೊಂಡು ಟ್ಯಾಂಕಿನ ಒಳಗೆ ನಿಂತಿರುತ್ತವೆ. ತಟ್ಟೆಗೂ ಟ್ಯಾಂಕಿನ ಬಾಯಿಗೂ ನಡುವೆ ಇರುವ ರಬ್ಬರ್ ಬಳೆಯೇ ಗ್ಯಾಸ್ಕೆಟ್.

ನಮ್ಮೊಂದಿಗೆ ವಯರ್‌ಮ್ಯಾನ್ ಅಣ್ಣ ಬಂದಿದ್ದರು. ಎಂಸಿಬಿ ಇಳಿಸಿ, ಪ್ಲಗ್ ಕಿತ್ತು, ಆಮೇಲೆಯೇ ಮುಚ್ಚಳ ಮುಟ್ಟಲು ಬಿಟ್ಟರು. ಈ ಒಂದು ವಿಷಯದಲ್ಲಿ ಯಾರೂ ಅವಸರ ಮಾಡಬೇಡಿ. ಸೋರುವ ನೀರು ಬೀಳುವುದು ಕರೆಂಟಿನ ತಂತಿಗಳು ಸೇರುವ ಜಾಗದ ಮೇಲೆಯೇ. ಟೀಚರ್ ನಾಲ್ಕು ದಿನ ಹಾಗೆಯೇ ಸ್ವಿಚ್ ಹಾಕಿ ಮಿಂದಿದ್ದರು ಎಂದು ಕೇಳಿ ಅಣ್ಣ ಸುಮ್ಮನೆ ತಲೆ ಅಲ್ಲಾಡಿಸಿದರು.

ಮುಚ್ಚಳ ತೆಗೆದಾಗ ಫ್ಲ್ಯಾಂಜಿನ ಅಂಚೆಲ್ಲ ಒದ್ದೆ, ಸುತ್ತ ಬಿಳಿ ಹಕ್ಕಳೆ, ತಟ್ಟೆಯ ಅತ್ಯಂತ ಕೆಳಗಿನ ಜಾಗದಿಂದ ತೊಟ್ಟು ತೊಟ್ಟಾಗಿ ನೀರು. "ನೋಡಿ, ಗ್ಯಾಸ್ಕೆಟ್ಟೇ!" ಅಂದೆವು. ಇನ್‌ಲೆಟ್ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದು ಗಾಳಿ ಹೋಗಲು ದಾರಿ ಮಾಡಿ, ಕೆಳಗಿನ ಪೈಪ್ ಬಿಚ್ಚಿ ಟ್ಯಾಂಕ್ ಖಾಲಿ ಮಾಡಿದೆವು. ತಂತಿಗಳ ಫೋಟೋ ತೆಗೆದುಕೊಂಡು, ಆರು ನಟ್ ಬಿಚ್ಚಿ ತಟ್ಟೆ ಇಳಿಸಿದೆವು. ಗ್ಯಾಸ್ಕೆಟ್ ಚಪ್ಪಟೆಯಾಗಿ ಗಟ್ಟಿಯಾಗಿತ್ತು. ನಮ್ಮ ಮಾತು ನಿಜವಾಯಿತು ಎಂದುಕೊಂಡೆವು. ಒಂಬತ್ತು ವರ್ಷ ಬಿಸಿನೀರಿನಲ್ಲಿದ್ದ ಯಾವ ರಬ್ಬರ್ ಗಟ್ಟಿಯಾಗದೆ ಇರುತ್ತದೆ? ಸೋರದ ಗೀಸರಿನಲ್ಲೂ ಅದು ಹಾಗೆಯೇ ಇರುತ್ತಿತ್ತು. ಅದು ಆಗ ಹೊಳೆಯಲಿಲ್ಲ.

ಅದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ಕೈಯಲ್ಲೇ ಇತ್ತು. ಆನೋಡ್ ಕಡ್ಡಿ ಇರಬೇಕಾದಲ್ಲಿ ಬರೀ ಒಂದು ತೆಳು ತಂತಿ. ಮೆಗ್ನೀಶಿಯಮ್ ಪೂರ್ತಿ ಕರಗಿ ಹೋಗಿತ್ತು. "ಇದನ್ನೂ ಹೊಸತು ತರೋಣ" ಎಂದು ಪಟ್ಟಿಗೆ ಸೇರಿಸಿದೆವು ಅಷ್ಟೇ. ಗ್ಯಾಸ್ಕೆಟಿಗೆ 140, ಆನೋಡಿಗೆ 350. ಸಂಜೆಗೆ ಹಾಕಿ, ನೀರು ತುಂಬಿಸಿ, ಟೀಚರ್ ಕೊಟ್ಟ ಚಹಾ ಕುಡಿದು ಬಂದೆವು.

ಮರುದಿನ ಬೆಳಿಗ್ಗೆ ಫೋನ್. "ಮಕ್ಕಳೇ, ಪುನಃ ಬೀಳ್ತಾ ಉಂಟು."

ಹೋಗಿ ನಟ್‌ಗಳನ್ನು ಇನ್ನಷ್ಟು ಬಿಗಿದೆವು. ಆಗ ಒಂದು ಬೋಲ್ಟ್ ಟಕ್ ಎಂದು ತುಂಡಾಯಿತು. ರಬ್ಬರಿಗೆ ಒಂದು ಹದದ ಒತ್ತಡ ಸಾಕು. ಅದಕ್ಕಿಂತ ಹೆಚ್ಚು ಬಿಗಿದರೆ ಬೋಲ್ಟ್ ತುಂಡಾಗುತ್ತದೆ, ಇಲ್ಲವೇ ಟ್ಯಾಂಕಿನ ಬಾಯಿಯ ಎನಾಮಲ್ ಬಿರುಕು ಬಿಡುತ್ತದೆ. ಅಣ್ಣ ಸ್ಪ್ಯಾನರ್ ಕಿತ್ತುಕೊಂಡರು. "ಬಿಗಿಯೋದು ನಿಲ್ಲಿಸಿ ಮಾರಾಯ್ರೇ. ಒರೆಸಿ, ಕೂತು ನೋಡಿ. ಹನಿ ಎಲ್ಲಿ ಬೀಳ್ತದೆ ಅಂತ ಅಲ್ಲ, ಎಲ್ಲಿ ಹುಟ್ತದೆ ಅಂತ."

ಕರೆಂಟ್ ಇಲ್ಲದೆ, ಟ್ಯಾಂಕಿನಲ್ಲಿ ನೀರು ಮಾತ್ರ ಇಟ್ಟು, ಅಡಿಯೆಲ್ಲ ಒಣಬಟ್ಟೆಯಲ್ಲಿ ಒರೆಸಿದೆವು. ಪೈಪಿನ ಜಾಯಿಂಟುಗಳಿಗೆ, ಕಾಯಿಲ್‌ನ ಬುಡಕ್ಕೆ, ಫ್ಲ್ಯಾಂಜಿನ ಅಂಚಿಗೆ ಬೇರೆ ಬೇರೆಯಾಗಿ ಟಿಶ್ಯೂ ಪೇಪರ್ ಸುತ್ತಿ ಟಾರ್ಚ್ ಹಿಡಿದು ಕೂತೆವು. ಸುಮಾರು ಇಪ್ಪತ್ತು ನಿಮಿಷದಲ್ಲಿ ತುಂಡಾದ ಬೋಲ್ಟಿನ ಕಡೆ ಪೇಪರ್ ಒದ್ದೆಯಾಯಿತು. ಅದು ನಮ್ಮದೇ ಪಾಪ. ಆದರೆ ಅದರ ಎದುರು ಬದಿಯಲ್ಲಿ ಫ್ಲ್ಯಾಂಜಿನ ಪೇಪರ್ ಇನ್ನೂ ಒಣಗಿದ್ದಾಗಲೇ ಮೇಲಿನಿಂದ, ಫೋಮ್ ಮತ್ತು ಟ್ಯಾಂಕಿನ ಕುತ್ತಿಗೆ ಸೇರುವ ಸಂದಿನಿಂದ, ಒಂದು ಕಂದು ಹನಿ ಮೆಲ್ಲ ಇಳಿದು ಬಂದು ತಟ್ಟೆಯ ಅಂಚಿನಲ್ಲಿ ನಿಂತಿತು. ಫೋಮನ್ನು ಬೆರಳಲ್ಲಿ ಒತ್ತಿದರೆ ನೆನೆದ ಸ್ಪಂಜಿನ ಹಾಗೆ ಕೆಂಪು ನೀರು ಬಿಟ್ಟಿತು.

ತೂತು ಇದ್ದದ್ದು ಮೇಲೆ, ಟ್ಯಾಂಕಿನ ಮೈಯಲ್ಲಿ. ಅಲ್ಲಿಂದ ಹೊರಟ ನೀರು ಫೋಮಿನ ಒಳಗೇ ಇಳಿದು, ಅತ್ಯಂತ ತಗ್ಗಿನಲ್ಲಿದ್ದ ಫ್ಲ್ಯಾಂಜಿನಿಂದ ಬೀಳುತ್ತಿತ್ತು. ಗೀಸರ್ ಎಲ್ಲೇ ಸೋರಲಿ, ನೀರು ಕಾಣುವುದು ಅಡಿಯಲ್ಲೇ. ಗ್ಯಾಸ್ಕೆಟ್ ಸೋರಿದರೆ ಹನಿ ಹುಟ್ಟುವುದು ತಟ್ಟೆ ಮತ್ತು ಬಾಯಿ ಸೇರುವ ಗೆರೆಯಲ್ಲಿ, ಫೋಮ್ ಒಣಗಿರುತ್ತದೆ, ನೀರು ಹೆಚ್ಚಾಗಿ ತಿಳಿಯಾಗಿರುತ್ತದೆ. ಟ್ಯಾಂಕ್ ತೂತಾದರೆ ಫೋಮ್ ಒದ್ದೆ, ನೀರಿಗೆ ತುಕ್ಕಿನ ಬಣ್ಣ.

ಆಗ ಆ ಸವೆದ ತಂತಿ ನೆನಪಾಯಿತು. ಎನಾಮಲ್ ಲೇಪನದಲ್ಲಿ, ಮುಖ್ಯವಾಗಿ ವೆಲ್ಡಿಂಗ್ ಹತ್ತಿರ, ಸೂಜಿಮೊನೆಯಷ್ಟು ಬಿಟ್ಟುಹೋದ ಜಾಗಗಳು ಇದ್ದೇ ಇರುತ್ತವೆ. ಮೆಗ್ನೀಶಿಯಮ್ ಇರುವವರೆಗೆ ಉಕ್ಕಿನ ಬದಲು ತಾನು ಸವೆಯುತ್ತದೆ. ಅದು ಮುಗಿದ ದಿನದಿಂದ ಉಕ್ಕಿನ ಸರದಿ. ನಮ್ಮ ಕಾಸರಗೋಡಿನ ಮುರಕಲ್ಲಿನ ನೆಲದ ಬಾವಿನೀರು ಮೆದು ಆದರೂ ಹಲವು ಕಡೆ ಹುಳಿ ಜಾತಿಯದ್ದು. ಟೀಚರ್ ಮನೆಯ ನೀರಿಗೆ ಪಿಎಚ್ ಪೇಪರ್ ಅದ್ದಿ ನೋಡಿದಾಗ 5 ಮತ್ತು 6ರ ನಡುವಿನ ಬಣ್ಣ ಬಂತು. ಇಂಥ ನೀರಿನಲ್ಲಿ ಪಾತ್ರೆಗೆ ಬಿಳಿ ಹಕ್ಕಳೆ ಕಡಿಮೆ, ಲೋಹಕ್ಕೆ ತುಕ್ಕು ಹೆಚ್ಚು. ಎರಡು ವರ್ಷಕ್ಕೊಮ್ಮೆ ಆನೋಡ್ ತೆಗೆದು ನೋಡಿ, ಅರ್ಧಕ್ಕಿಂತ ಸವೆದಿದ್ದರೆ ಬದಲಿಸಿದ್ದರೆ ಈ ಟ್ಯಾಂಕ್ ಇನ್ನೂ ಕೆಲವು ವರ್ಷ ಬಾಳುತ್ತಿತ್ತೋ ಏನೋ. ತೂತಾದ ಮೇಲೆ ನಾವು ಹಾಕಿದ ಹೊಸ ಆನೋಡ್, ಕಳ್ಳ ಹೋದ ಮೇಲೆ ಹಾಕಿದ ಬೀಗ.

"ವೆಲ್ಡಿಂಗ್ ಮಾಡಿಸಿದ್ರೆ ಆಗೂದಿಲ್ವಾ?" ಟೀಚರ್ ಕೇಳಿದರು. ಹಿಂದಿನ ತಾಮ್ರದ ಟ್ಯಾಂಕಿಗೆ ಬೆಸುಗೆ ಹಾಕಿಸುತ್ತಿದ್ದರು. ಎನಾಮಲ್ ಬಳಿದ ಉಕ್ಕಿಗೆ ಆ ಬಿಸಿ ತಾಗಿದರೆ ಸುತ್ತಲಿನ ಲೇಪನ ಸಿಡಿದು ಹೋಗುತ್ತದೆ. ಒಂದು ತೂತು ಮುಚ್ಚಿ ಅದರ ಪಕ್ಕ ನಾಲ್ಕಕ್ಕೆ ದಾರಿ ಮಾಡಿದ ಹಾಗೆ. ಹೊರಗಿನಿಂದ ಮೆತ್ತುವ ಎಂ-ಸೀಲ್ ಒಳಗಿನ ಒತ್ತಡ ಮತ್ತು ದಿನದಿನದ ಬಿಸಿ-ತಂಪಿಗೆ ನಿಲ್ಲುವುದಿಲ್ಲ. ಟ್ಯಾಂಕಿಗೆ ಗ್ಯಾರಂಟಿ ಇದ್ದರೆ ಕಂಪನಿಯವರನ್ನು ಕೇಳಬಹುದು. ಟ್ಯಾಂಕಿನ ಗ್ಯಾರಂಟಿ ಬೇರೆ ಭಾಗಗಳಿಗಿಂತ ಹೆಚ್ಚು ವರ್ಷ ಇರುವುದುಂಟು, ಕಾರ್ಡ್ ಬಿಸಾಡಬೇಡಿ. ಇದರದ್ದು ಮುಗಿದಿತ್ತು. ಪ್ಲಂಬರ್ ಹೇಳಿದ್ದೇ ಸರಿಯಾಯಿತು. ಬಿಚ್ಚದೆ ಹೇಳಿದ್ದು ಮಾತ್ರ ಈಗಲೂ ಸರಿ ಎಂದು ನಮಗೆ ಅನಿಸುವುದಿಲ್ಲ.

ಯಾಕೆಂದರೆ ಅದೇ ತಿಂಗಳು ಕಾನ್ವೆಂಟಿನ ಸಿಸ್ಟರ್ ಕರೆದರು. 15 ಲೀಟರಿನದ್ದು, ಮೂರು ವರ್ಷ ಹಳತು, ಅಡಿಯಿಂದ ಅದೇ ಹನಿ. ಅವರಿಗೂ ಯಾರೋ ಹೊಸತು ಹಾಕಲು ಹೇಳಿದ್ದರಂತೆ. ಈ ಸಲ ಮೊದಲು ಒರೆಸಿ ಕೂತೆವು. ಫೋಮ್ ಒಣ, ಹನಿ ತಿಳಿ, ಹುಟ್ಟುವುದು ತಟ್ಟೆಯ ಗೆರೆಯಲ್ಲಿ ಒಂದೇ ಕಡೆ. ತಟ್ಟೆ ಇಳಿಸಿದಾಗ ಆನೋಡ್ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಟ್ಯಾಂಕಿನ ಬಾಯಿಯ ಮೇಲೆ ಬೆರಳು ಆಡಿಸಿದರೆ ಎಲ್ಲೂ ಕುಳಿ ಇಲ್ಲದೆ ನುಣುಪಾಗಿತ್ತು. ಇದನ್ನು ನೋಡಲೇಬೇಕು. ಗ್ಯಾಸ್ಕೆಟ್ ಕೂರುವ ಜಾಗವೇ ತುಕ್ಕು ತಿಂದು ಕುಳಿ ಬಿದ್ದಿದ್ದರೆ ಎಷ್ಟು ಹೊಸ ರಬ್ಬರ್ ಹಾಕಿದರೂ ನೀರು ಕುಳಿಯಿಂದ ನುಸುಳುತ್ತದೆ. ಹಕ್ಕಳೆಯನ್ನು ಸ್ಕ್ರೂಡ್ರೈವರಿನಲ್ಲಿ ಕೆರೆಯದೆ ಬಟ್ಟೆ ಮತ್ತು ಪ್ಲಾಸ್ಟಿಕ್ ತುಂಡಿನಿಂದ ತೆಗೆದೆವು. ಅದೇ ಅಳತೆಯ ಗ್ಯಾಸ್ಕೆಟ್ ಹಾಕಿ, ಒಂದು ನಟ್, ಆಮೇಲೆ ಅದರ ಎದುರಿನ ನಟ್, ಹೀಗೆ ಸ್ವಲ್ಪ ಸ್ವಲ್ಪವೇ ಬಿಗಿದೆವು. ಬಿಸಿನೀರಿನ ನಲ್ಲಿಯಿಂದ ಗಾಳಿಯಿಲ್ಲದೆ ನೀರು ಬರುವವರೆಗೆ ಟ್ಯಾಂಕ್ ತುಂಬಿಸಿ, ಒಂದು ಗಂಟೆ ಟಿಶ್ಯೂ ಒಣಗಿರುವುದನ್ನು ನೋಡಿದ ಮೇಲೆಯೇ ಅಣ್ಣ ತಂತಿ ಜೋಡಿಸಿ ಸ್ವಿಚ್ ಹಾಕಿದರು. ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ. ಅದು ಇವತ್ತಿಗೂ ಸೋರಿಲ್ಲ.

ಟೀಚರ್ ಮಾತ್ರ ಎರಡು ತಿಂಗಳು ಹಂಡೆಗೆ ಮರಳಿದರು. ನಾವು ಸರದಿಯಲ್ಲಿ ಹೋಗಿ ಸೌದೆ ಒಡೆದು ಕೊಟ್ಟೆವು. ಹಳೆ ಪೇಪರ್ ಮಾರಿದ ದುಡ್ಡಿನಿಂದ ಒಂದಿಷ್ಟು ಕೊಟ್ಟು, ಉಳಿದದ್ದು ಅವರೇ ಹಾಕಿ ಹೊಸ ಗೀಸರ್ ಬಂತು. ನಾವು ಕಳೆದ 490 ರೂಪಾಯಿಯನ್ನು ಅವರಿಂದ ತೆಗೆದುಕೊಳ್ಳಲಿಲ್ಲ.

ಹೊಸತು ಹಾಕಿದ ಮೂರನೇ ದಿನ ಪುನಃ ಫೋನ್. "ಮಕ್ಕಳೇ, ಇದೂ ಸೋರ್ತಾ ಉಂಟು!"

ಎದೆ ಧಸಕ್ಕೆಂದಿತು. ಹೋಗಿ ಈ ಸಲ ಏನೂ ಮುಟ್ಟದೆ ಕೂತು ನೋಡಿದೆವು. ಫ್ಲ್ಯಾಂಜ್ ಒಣ. ಹನಿ ಬರುತ್ತಿದ್ದದ್ದು ತಣ್ಣೀರು ಒಳಹೋಗುವಲ್ಲಿರುವ ಸೇಫ್ಟಿ ವಾಲ್ವಿನ ಸಣ್ಣ ಮೂತಿಯಿಂದ, ಅದೂ ಸ್ವಿಚ್ ಹಾಕಿದಾಗ ಮಾತ್ರ. 25 ಡಿಗ್ರಿಯ ನೀರು 65ಕ್ಕೆ ಕಾದರೆ ಶೇಕಡಾ 1.7ರಷ್ಟು ಹಿಗ್ಗುತ್ತದೆ. 25 ಲೀಟರಿಗೆ ಅದು ಸುಮಾರು 400 ಮಿಲಿಲೀಟರ್, ಎರಡು ಲೋಟ. ಹಿಂದೆ ಹೋಗಲು ವಾಲ್ವ್ ಬಿಡುವುದಿಲ್ಲ, ನಲ್ಲಿ ಮುಚ್ಚಿದೆ, ಹಾಗಾಗಿ ಆ ನೀರು ಅಲ್ಲಿಂದ ಹೊರಬರಲೇಬೇಕು. "ಇದನ್ನು ಮಾತ್ರ ಯಾವತ್ತೂ ಮುಚ್ಚಬೇಡಿ ಟೀಚರ್. ಕಾದು ಮುಗಿದ ಮೇಲೂ, ದಿನವಿಡೀ ಬೀಳುತ್ತಿದ್ದರೆ ಕರೆಯಿರಿ" ಅಂದೆವು.

"ಈ ಸಲ ಗ್ಯಾಸ್ಕೆಟ್ ಅಲ್ವಾ?" ಎಂದು ನಕ್ಕು, ಮೂತಿಯ ಅಡಿಗೆ ಒಂದು ಮಗ್ ಇಟ್ಟರು. ಆ ನೀರು ಈಗ ಮಲ್ಲಿಗೆ ಗಿಡಕ್ಕೆ ಹೋಗುತ್ತದೆ.