ಕೋಡ್ 07: ಇತರೆ

ಕಾಸ್ಟಿಂಗ್‌ನಲ್ಲಿ ಎಬಿಸಿ ಅನಾಲಿಸಿಸ್ ಓದಿದ್ದೀರಲ್ವಾ? ಸ್ಟೋರ್‌ನಲ್ಲಿ ಕೆಲವೇ ಐಟಂಗಳಲ್ಲಿ ಹೆಚ್ಚಿನ ದುಡ್ಡು ಇರುತ್ತೆ, ಅವನ್ನ ಮೊದಲು ನೋಡು ಅನ್ನೋದು. ಅದೇ ಲೆಕ್ಕವನ್ನ ಮೆಷಿನ್ ನಿಂತ ನಿಮಿಷಗಳಿಗೆ ಹಾಕಿದ್ರೆ ಅದು ಪರೇಟೋ. ಇಂಟರ್ನ್‌ಶಿಪ್‌ನಲ್ಲಿ ನನಗೆ ಸಿಕ್ಕಿದ್ದು ಇದೇ ಕೆಲಸ.

ಅದು ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕ. ಮೆಷಿನ್ ನಿಂತಾಗ ಆಪರೇಟರ್ ಶಿಫ್ಟ್ ಲಾಗ್‌ನಲ್ಲಿ ನಿಂತ ಹೊತ್ತು, ಶುರುವಾದ ಹೊತ್ತು, ಕಾರಣದ ಕೋಡ್, ಪಕ್ಕದಲ್ಲಿ ಒಂದು ಸಾಲು ಷರಾ ಬರೀತಾರೆ. ಒಂದು ಮೆಷಿನ್ನಿನ ಒಂದು ವಾರದ ಲಾಗ್ ಎಕ್ಸೆಲ್‌ಗೆ ಹಾಕಿದೆ. ರಾತ್ರಿ 11:50ಕ್ಕೆ ನಿಂತು 12:20ಕ್ಕೆ ಶುರುವಾದ ಕಡೆ ನಿಮಿಷ ಮೈನಸ್‌ನಲ್ಲಿ ಬಂತು, ತಾರೀಖು ಬದಲಾಗಿತ್ತಲ್ಲ. ನಿಂತ ಹೊತ್ತು D, ಶುರುವಾದ ಹೊತ್ತು E ಕಾಲಂನಲ್ಲಿದ್ರೆ ಹೀಗೆ ಬರೀರಿ, 30 ಅಂತ ಸರಿಯಾಗಿ ಬರುತ್ತೆ:

```
=MOD(E2-D2,1)*1440
```

"ನಾಜಲ್ ಬ್ಲಾಕೇ ದೊಡ್ಡ ತಲೆನೋವು ಕಣಮ್ಮ" ಅಂದಿದ್ರು ಸೂಪರ್‌ವೈಸರ್. ಹೌದು, ಅದು 36 ಸಲ ಆಗಿತ್ತು. ಆದ್ರೆ ಪ್ರತಿ ಸಲ ಮೂರು ನಿಮಿಷದಷ್ಟೇ, ಒಟ್ಟು 110. ಸಲ ಎಣಿಸಿದ್ರೆ ಮೊದಲನೇದು, ನಿಮಿಷ ಕೂಡಿದ್ರೆ ನಾಲ್ಕನೇದು.

ವಾರಕ್ಕೆ ಒಟ್ಟು 1,000 ನಿಮಿಷ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆ: ಇತರೆ 360, ಮೋಲ್ಡ್ ಬದಲಾವಣೆ 260, ಮೆಟೀರಿಯಲ್ ಇಲ್ಲ 140, ನಾಜಲ್ 110, ಹೀಟರ್ 80, ಕರೆಂಟ್ 50.

ಮೇಲೇ ಕೂತಿರೋದು ಯಾರು ನೋಡಿ. ಇತರೆ! ಇತರೆಯನ್ನ ಯಾವ ಸ್ಪ್ಯಾನರ್ ತಗೊಂಡು ರಿಪೇರಿ ಮಾಡ್ತೀರಿ? ಆ ಕಂಬ ಅಷ್ಟು ಎತ್ತರ ಇದ್ರೆ ಚಾರ್ಟ್ ಇನ್ನೂ ಮುಗಿದಿಲ್ಲ ಅಂತ ಅರ್ಥ. ಹಾಗಾಗಿ ಷರಾ ಕಾಲಂ ಒಂದೊಂದೇ ಸಾಲು ಓದಿದೆ. 360ರಲ್ಲಿ 230 ನಿಮಿಷಕ್ಕೆ "ಹಾಪರ್ ಖಾಲಿ", "ದಾಣಿ ಬಂದಿಲ್ಲ" ಅಂತಲೇ ಇತ್ತು. ಎಲ್ಲಾ ರಾತ್ರಿ ಪಾಳಿಯಲ್ಲಿ.

ಒಬ್ಬ ಅಣ್ಣನ್ನ ಕೇಳಿದೆ. "ರಾತ್ರಿ ಸ್ಟೋರಿಗೆ ಬೀಗ. ಕೀಲಿ ಇರೋರು ಬರೋವರೆಗೂ ಕಾಯ್ಬೇಕು. 05 ಬರೆದ್ರೆ ಬೆಳಿಗ್ಗೆ ಸ್ಟೋರಿನವರು ಜಗಳಕ್ಕೆ ಬರ್ತಾರೆ. 07 ಬರೆದ್ರೆ ಯಾರೂ ಕೇಳಲ್ಲ" ಅಂದ್ರು.

ಆ 230ನ್ನ ಅದರ ಜಾಗಕ್ಕೆ ಸೇರಿಸಿದೆ. ಮೆಟೀರಿಯಲ್ 370 ಆಗಿ ಮೊದಲಿಗೆ ಬಂತು, ಇತರೆ 130ಕ್ಕೆ ಇಳೀತು. ಮೆಟೀರಿಯಲ್, ಮೋಲ್ಡ್ ಎರಡೇ ಸೇರಿ 63%. ಪುಸ್ತಕದ 80-20 ಬರಲಿಲ್ಲ, ಬರಲೇಬೇಕು ಅಂತೇನೂ ಇಲ್ಲ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಮೆಷಿನ್ ಜಾಸ್ತಿ ನಿಲ್ಲುತ್ತೆ ಅಂತ ರಾತ್ರಿ ಪಾಳಿಯವರ ಇನ್ಸೆಂಟಿವ್ ಕಡಿಮೆ ಮಾಡೋ ಮಾತು ನಡೀತಿತ್ತು. ಎರಡೂ ಚಾರ್ಟ್ ಪಕ್ಕಪಕ್ಕ ಇಟ್ಟು ತೋರಿಸಿದೆ. ಮಾತು ಸದ್ಯಕ್ಕೆ ನಿಂತಿದೆ. ಈಗ ಸ್ಟೋರ್ ಮುಚ್ಚೋ ಮೊದಲು ರಾತ್ರಿಗೆ ಬೇಕಾದ ಚೀಲಗಳು ಮೆಷಿನ್ ಪಕ್ಕಕ್ಕೆ ಬರ್ತವೆ. ಆದ್ರೆ ಒಂದು ವಾರದ ಲಾಗ್ ಸಾಲಲ್ಲ, ಮುಂದಿನ ತಿಂಗಳು ಮತ್ತೆ ಎಣಿಸ್ಬೇಕು.

ನಿಮ್ಮ ಪ್ರಾಜೆಕ್ಟ್ ಡೇಟಾದಲ್ಲೂ ಒಂದು "ಇತರೆ" ಇರುತ್ತೆ. ಅದು ಎಷ್ಟಿದೆ ಅಂತ ಕಾಮೆಂಟಲ್ಲಿ ಹೇಳಿ.

#ಬಿಕಾಂಡೈರಿ #ಶಿಫ್ಟ್‌ಲಾಗ್ #ಪರೇಟೋ