ಮಾಮಾನ ಗಂಟಿ ಮತ್ತು ನಾಲ್ಕು ತಾಲೂಕು

ಹೋದ ದೀಪಾವಳಿಗೆ ಹಾನಗಲ್ಲಿಗೆ ಹೋಗಿದ್ದೆ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದಾಗ ನನ್ನ ಸೋದರಮಾವ ಇದ್ದಕ್ಕಿದ್ದಂತೆ, "ತಮ್ಮಾ, ಆ ವಿಡಿಯೋ ಮಾಡೋದು ಇನ್ನ ಬಿಟ್ಟಬಿಡ್ತೀನಿ. ಯಾರೂ ನೋಡವಲ್ರು" ಅಂದರು. ನನಗೆ ಪಿಚ್ಚೆನಿಸಿತು. ಮಾಮಾ ಪ್ರಾಥಮಿಕ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. ಪಾಠದ ಪುಸ್ತಕದಲ್ಲಿ ಹಂಪಿ, ಬಾದಾಮಿ ಎಲ್ಲ ಬರುತ್ತವೆ, ಆದರೆ ನಮ್ಮ ಹುಡುಗರಿಗೆ ಪಕ್ಕದ ತಾಲೂಕೇ ಗೊತ್ತಿಲ್ಲ ಅನ್ನುವುದು ಅವರ ಹಳೆಯ ಕೊರಗು. ಅದಕ್ಕೇ ಯೂಟ್ಯೂಬಿನಲ್ಲಿ ಒಂದು ಚಾನೆಲ್ಲು ತೆರೆದು ತಾಲೂಕಿಗೊಂದರಂತೆ ನಾಲ್ಕು ಕಂತು ಮಾಡಿದ್ದರು. ಹಾನಗಲ್ಲಿನ ತಾರಕೇಶ್ವರ ಗುಡಿ, ಶಿಗ್ಗಾವಿ ತಾಲೂಕಿನ ಶಿಶುನಾಳ, ಸವಣೂರಿನ ದೊಡ್ಡ ಹುಣಸೆ ಮರ, ಹಿರೇಕೆರೂರ ತಾಲೂಕಿನ ಅಬಲೂರು. (ಚಾನೆಲ್ಲಿನ ಹೆಸರು ಎಲ್ಲೂ ಬರಿಬ್ಯಾಡ ಅಂತ ಮಾಮಾನ ಕಟ್ಟಪ್ಪಣೆ ಇದೆ, ಕೇಳಬೇಡಿ!)

ನಾಲ್ಕನ್ನೂ ಕೂತು ನೋಡಿದೆ. ಪಾಠ ಚೆನ್ನಾಗಿತ್ತು. ಹಾಗಾದರೆ ತಪ್ಪೆಲ್ಲಿ? ಅಷ್ಟರಲ್ಲಿ ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗಿ ಚಕ್ಕುಲಿ ಕೊಡಲು ಬಂದಳು. ಅವಳು ಹಾನಗಲ್ಲಿನ ಕಂತನ್ನು ಎರಡು ಸಲ ನೋಡಿದ್ದಳಂತೆ. ಮೊಬೈಲಿನಲ್ಲಿ ಬೇರೆ ಬೇರೆ ವಿಡಿಯೋಗಳ ಪಟ್ಟಿ ತೆರೆದು, "ಇದರಾಗ ನಿಮ್ಮ ಸರ್ ವಿಡಿಯೋ ಎಷ್ಟದಾವ ತೋರ್ಸವಾ" ಅಂದೆ. ನಾಲ್ಕೂ ಅಲ್ಲೇ ಇದ್ದವು. ಅವಳು ಮೊದಲನೆಯದನ್ನು ಮಾತ್ರ ತೋರಿಸಿದಳು. ಶಿಶುನಾಳದ್ದನ್ನು ಒತ್ತಿ ಕೇಳಿಸಿದರೆ, "ಇದು ನಮ್ಮ ಸರ್ ದನಿ ಅಲ್ಲರಿ" ಅಂದುಬಿಟ್ಟಳು.

ಮಾಮಾನ ಮುಖ ನೋಡಬೇಕಿತ್ತು ನೀವು. ಹುಡುಗಿ ಹೇಳಿದ್ದು ನಿಜ. ಎರಡನೇ ಕಂತಿಗೆ ಅವರು ಯಾವುದೋ ಸ್ಟುಡಿಯೋದಲ್ಲಿ ಬೇರೆಯವರಿಂದ ಓದಿಸಿದ್ದರು. "ನನ್ನ ಭಾಷಾ ಹಳ್ಳಿ ಭಾಷಾ, ಚಂದ ಕೇಳೂದಿಲ್ಲ" ಅಂತ ಅವರೇ ಅಂದುಕೊಂಡಿದ್ದರು. ಮೂರನೆಯದನ್ನು ಸವಣೂರಿನ ಮರದ ಕೆಳಗೆ ನಿಂತು ಮೊಬೈಲಿನಲ್ಲೇ ಹೇಳಿದ್ದರು, ಅರ್ಧ ಬರೀ ಗಾಳಿ. ಒಂದರಲ್ಲಿ "ಮಕ್ಕಳೇ", ಇನ್ನೊಂದರಲ್ಲಿ "ವೀಕ್ಷಕರೇ", ಮತ್ತೊಂದರಲ್ಲಿ "ಸ್ನೇಹಿತರೇ". ನೋಡುವವರಿಗೆ ಇವು ನಾಲ್ಕು ಬೇರೆ ಬೇರೆ ಮನೆಗಳೇ ಹೊರತು ಒಂದೇ ಮನೆಯ ನಾಲ್ಕು ಕೋಣೆಗಳಲ್ಲ. ಒಂದು ಕಂತು ಮೆಚ್ಚಿದವರು ಇನ್ನೊಂದಕ್ಕೆ ಬರಬೇಕಾದರೆ ಇದೂ ಅವರದೇ ಅಂತ ಗೊತ್ತಾಗಬೇಕಲ್ಲ?

ಅವತ್ತೇ ರಾತ್ರಿ ಮೊದಲು ಥಂಬ್‌ನೇಲಿಗೆ ಕೈ ಹಾಕಿದೆ. ಮಾಮಾ ಪ್ರತಿಯೊಂದರ ಮೇಲೂ ಪೂರ್ತಿ ಶೀರ್ಷಿಕೆ ಬರೆದಿದ್ದರು: "ಹಾನಗಲ್ಲಿನ ತಾರಕೇಶ್ವರ ದೇವಾಲಯದ ಇತಿಹಾಸ". ಕಂಪ್ಯೂಟರಿನಲ್ಲಿ ದೊಡ್ಡದಾಗಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಇಲ್ಲೊಂದು ಸಣ್ಣ ಲೆಕ್ಕ ಇದೆ. ಥಂಬ್‌ನೇಲ್ ಮಾಡುವುದು 1280 x 720 ಅಳತೆಯಲ್ಲಿ. ಪಕ್ಕದ ಪಟ್ಟಿಯಲ್ಲಿ ಚಿಕ್ಕದಾಗಿ ಕಂಡಾಗ ಹೇಗಿರುತ್ತದೆ ಅಂತ ತಿಳಿಯಲು ಅದನ್ನು 160 ಪಿಕ್ಸೆಲ್ ಅಗಲಕ್ಕೆ ಇಳಿಸಿ ನೋಡಬೇಕು, ಅಂದರೆ ಎಂಟನೇ ಒಂದು ಪಾಲು. ಮಾಮಾನ ಅಕ್ಷರ 90 ಪಿಕ್ಸೆಲ್ ಎತ್ತರ ಇತ್ತು, ಇಳಿಸಿದಾಗ 11 ಆಯಿತು. ಒತ್ತಕ್ಷರ ಅದರ ಅರ್ಧ, ಐದಾರು ಪಿಕ್ಸೆಲ್. "ಶ್ವ"ದ ಒತ್ತು ಒಂದು ಚುಕ್ಕೆಯಾಗಿ ಹೋಗಿತ್ತು! ಇಂಗ್ಲಿಷಿಗೆ ಈ ತೊಂದರೆ ಕಡಿಮೆ, ನಮಗೆ ಮೇಲೆ ಗುಡಿಸು, ಕೆಳಗೆ ಒತ್ತು ಎರಡೂ ಇವೆ. ಅಕ್ಷರವನ್ನು 160 ಪಿಕ್ಸೆಲ್ಲಿಗೆ ಏರಿಸಿದರೆ ಮಾತ್ರ ಒತ್ತು ಉಳಿಯುತ್ತದೆ. ಆದರೆ ಆಗ ಒಂದು ಸಾಲಿನಲ್ಲಿ ಹಿಡಿಯುವುದು ಆರೇಳು ಅಕ್ಷರ ಅಷ್ಟೇ.

ಹಾಗಾಗಿ ಪೂರ್ತಿ ಶೀರ್ಷಿಕೆ ಬಿಟ್ಟು ಒಂದೆರಡು ಮಾತು ಇಟ್ಟುಕೊಂಡೆವು. ಗುಡಿಗೆ "ಕಲ್ಲಿನ ತಾವರೆ" (ಅಲ್ಲಿಯ ಚಾವಣಿ ನೋಡಿದವರಿಗೆ ಯಾಕೆಂದು ಗೊತ್ತು), ಸವಣೂರಿಗೆ "ಆಫ್ರಿಕಾದ ಮರ", ಉಳಿದೆರಡಕ್ಕೆ ಬರೀ "ಶಿಶುನಾಳ", "ಅಬಲೂರು". ಎರಡು ಸಾಲು ಬಂದ ಕಡೆ ಸಾಲುಗಳ ನಡುವೆ ಅಕ್ಷರದ ಒಂದೂವರೆ ಪಟ್ಟು ಜಾಗ ಬಿಟ್ಟೆವು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಬಡಿಯುತ್ತದೆ. ಕೆಳಗೆ ಬಲ ಮೂಲೆಯಲ್ಲಿ ಏನೂ ಬರೆಯಲಿಲ್ಲ, ವಿಡಿಯೋ ಎಷ್ಟು ನಿಮಿಷ ಅನ್ನುವ ಕಪ್ಪು ಪಟ್ಟಿ ಬಂದು ಕೂರುವುದು ಅಲ್ಲೇ.

ಸ್ಟುಡಿಯೋದವರು ಕೊಟ್ಟ ಹಳೇ ಫೈಲು ತೆರೆದರೆ ಅಕ್ಷರಗಳ ಜಾಗದಲ್ಲಿ ಇಂಗ್ಲಿಷಿನ ಕಸ. ಅವರು ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬರೆದಿದ್ದರು, ಆ ಫಾಂಟು ನನ್ನ ಲ್ಯಾಪ್‌ಟಾಪಿನಲ್ಲಿ ಇಲ್ಲ. ಪ್ರತಿ ಸಲ ಅವರಲ್ಲಿಗೇ ಹೋಗಬೇಕು ಅಂದರೆ ಕಂತಿನಿಂದ ಕಂತಿಗೆ ಒಂದೇ ರೂಪ ಉಳಿಯುವುದು ಕಷ್ಟ. ಹೀಗಾಗಿ ಬಿಟ್ಟಿಯಾಗಿ ಸಿಗುವ Baloo Tamma 2 ಅನ್ನುವ ಯುನಿಕೋಡ್ ಫಾಂಟು ಹಾಕಿ Inkscape ನಲ್ಲಿ ಒಂದು ಮಾದರಿ ಮಾಡಿಟ್ಟೆ. ಮಾಮಾ ಅದನ್ನು ತೆರೆದು ಚಿತ್ರ ಮತ್ತು ಪದ ಬದಲಿಸಿದರೆ ಆಯಿತು.

ಇನ್ನೊಂದು ತಮಾಷೆ ಕೇಳಿ. ಊರಿನ ಹೆಸರನ್ನೇ ಮಾಮಾ ಒಂದೊಂದು ಕಡೆ ಒಂದೊಂದು ಥರ ಬರೆದಿದ್ದರು. ಶಿಗ್ಗಾವಿ, ಶಿಗ್ಗಾಂವಿ, ಶಿಗ್ಗಾಂವ... ಹಾನಗಲ್, ಹಾನಗಲ್ಲ... ಹಿರೇಕೆರೂರ, ಹಿರೇಕೆರೂರು. ಯಾವುದೂ ತಪ್ಪಲ್ಲ, ಜನ ಹುಡುಕುವಾಗಲೂ ಹೀಗೇ ಬರೆಯುತ್ತಾರೆ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಹೆಸರಿಗೂ ಒಂದೊಂದು ರೂಪ ಗಟ್ಟಿ ಮಾಡಿ ಬರೆದುಕೊಂಡೆವು. ಥಂಬ್‌ನೇಲು, ಶೀರ್ಷಿಕೆ ಎರಡರಲ್ಲೂ ಅದೇ. ಉಳಿದ ರೂಪಗಳನ್ನು ಕೆಳಗಿನ ವಿವರಣೆಯಲ್ಲಿ ಸೇರಿಸಿದೆವು.

ಮುಂದಿನದು ಇಂಟ್ರೋ. ಮೊದಲ ಕಂತಿನಲ್ಲಿ 22 ಸೆಕೆಂಡು ಭೂಗೋಳ ತಿರುಗುತ್ತಿತ್ತು, ಜೊತೆಗೆ ಡೊಳ್ಳು, ಹೊಗೆ, ಬಂಗಾರದ ಅಕ್ಷರ. ಎರಡನೆಯದರಲ್ಲಿ ಬೇರೆ ಇಂಟ್ರೋ, ಮೂರನೆಯದರಲ್ಲಿ ಇಲ್ಲವೇ ಇಲ್ಲ. ಚಾನೆಲ್ ನಡೆಸುವವರಿಗೆ ಮಾತ್ರ ಕಾಣುವ ಒಂದು ಗೆರೆ ಇರುತ್ತದೆ, ಯಾವ ಸೆಕೆಂಡಿನವರೆಗೆ ಎಷ್ಟು ಜನ ಉಳಿದರು ಅಂತ ತೋರಿಸುವುದು. ಮೊದಲ ಕಂತಿನ ಗೆರೆ ಭೂಗೋಳ ತಿರುಗುವ ಕಡೆಯೇ ಬಾವಿಗೆ ಬಿದ್ದಂತೆ ಬಿದ್ದಿತ್ತು. ಆಮೇಲೆ ಪಾಠ ಶುರುವಾದ ಮೇಲೆ ಉಳಿದವರು ಕೊನೆಯವರೆಗೂ ಕೂತಿದ್ದರು. ಅಂದರೆ ಜನ ಪಾಠ ಬಿಟ್ಟು ಹೋಗಿರಲಿಲ್ಲ, ಪಾಠ ಬರುವ ಮೊದಲೇ ಹೋಗಿದ್ದರು.

"ಹಂಗಾರ ಛಂದನ ಹಾಡು ಹಾಕೋಣೇನ?" ಅಂದೆ. ಸಿನಿಮಾ ಹಾಡು ಹಾಕಿದರೆ ಹಕ್ಕಿನ ತಕರಾರು ಬರುತ್ತದೆ ಅಂತಲೂ ಹೇಳಿದೆ. ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಡ ಯಾಕೋ, ನಮ್ಮ ಸಾಲಿ ಗಂಟಿ ಸಾಕಲ್ಲ" ಅಂದರು. ಮರುದಿನ ಅವರು ಕಲಿಸುತ್ತಿದ್ದ ಶಾಲೆಗೆ ಹೋಗಿ, ಕೇಳಿಕೊಂಡು, ಕಂಬಕ್ಕೆ ನೇತುಹಾಕಿದ ರೈಲು ಹಳಿಯ ತುಂಡಿಗೆ ಮೂರು ಸಲ ಹೊಡೆದು ಮೊಬೈಲಿನಲ್ಲಿ ಹಿಡಿದುಕೊಂಡೆವು. ಈಗ ಕಂತು ಶುರುವಾಗುವುದು ಮಾಮಾನ ಒಂದು ಪ್ರಶ್ನೆಯಿಂದ. "ಆಫ್ರಿಕಾದ ಮರ ಸವಣೂರಿಗೆ ಹೆಂಗ ಬಂತು?" ಆಮೇಲೆ ನಾಲ್ಕೇ ಸೆಕೆಂಡು, ಮೂರು ಗಂಟಿ, ಚಾನೆಲ್ಲಿನ ಹೆಸರು, ಪಾಠ.

ಇದನ್ನು ಮಾಡುವಾಗ ಮಾಮಾ ಚಂದನ ವಾಹಿನಿಯ "ಥಟ್ ಅಂತ ಹೇಳಿ" ನೆನಪು ಮಾಡಿದರು. 2002ರಲ್ಲಿ ಶುರುವಾದ ಕಾರ್ಯಕ್ರಮ. ಡಾ. ನಾ. ಸೋಮೇಶ್ವರ ಅವರ ದನಿ ಮತ್ತು ಬಹುಮಾನವಾಗಿ ಕೊಡುವ ಪುಸ್ತಕ, ಇವೆರಡು ಸಾಕು, ಟಿವಿ ಕಡೆ ನೋಡದೆಯೇ ಅಡುಗೆಮನೆಯಿಂದ ಅದು ಯಾವ ಕಾರ್ಯಕ್ರಮ ಅಂತ ಹೇಳಬಹುದು. "ನೋಡು, ಅದರಾಗ ಭೂಗೋಳ ಎಲ್ಲಿ ತಿರಗತೈತಿ?" ಅಂತ ನನ್ನನ್ನೇ ಕೇಳಿದರು!

ಕೊನೆಗೆ ಉಳಿದದ್ದು ದನಿ, ಅದೇ ಎಲ್ಲಕ್ಕಿಂತ ಕಷ್ಟ. ಮಾಮಾನನ್ನು ಒಪ್ಪಿಸುವುದಕ್ಕೇ ಎರಡು ದಿನ ಹಿಡಿಯಿತು. ಪುಸ್ತಕದ ಕನ್ನಡದಲ್ಲೇ ಎಲ್ಲ ಹೇಳಿದರೆ ಅವರು ಸುದ್ದಿ ಓದಿದಂತೆ ಬಿಗಿಯುತ್ತಾರೆ. ಎಲ್ಲವನ್ನೂ ಊರ ಮಾತಿನಲ್ಲಿ ಹೇಳಿದರೆ ಹುಡುಗರು ಪರೀಕ್ಷೆಯಲ್ಲಿ ಹಾಗೇ ಬರೆದಾರು ಅನ್ನುವ ಭಯ. ಕೊನೆಗೆ ಒಂದು ಗೆರೆ ಎಳೆದೆವು. ಪ್ರಶ್ನೆ, ಕಥೆ, ತಮಾಷೆ ಎಲ್ಲ "ಐತಿ, ಹೋಗೋಣು" ಭಾಷೆಯಲ್ಲಿ. ಇಸವಿ, ವ್ಯಾಖ್ಯೆ, ಪರದೆಯ ಮೇಲೆ ಬರೆದು ತೋರಿಸುವ ಪದ ಮಾತ್ರ ಪುಸ್ತಕದ ಭಾಷೆಯಲ್ಲಿ, ನಿಧಾನವಾಗಿ. "ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟಿತು" ಅಂತ ಹೇಳಿ, "ನಾ ಆಗ ಇಲ್ಲೇ ಸಾಲ್ಯಾಗ ಇದ್ದೆ" ಅಂತ ತಮ್ಮ ಮಾತಿಗೆ ಮರಳುತ್ತಾರೆ. ಕರೆಯುವುದು ಯಾವಾಗಲೂ "ಮಕ್ಕಳೇ". ವೀಕ್ಷಕರು ಮನೆಗೆ ಹೋದರು!

ಧ್ವನಿಮುದ್ರಣಕ್ಕೆ ಹಿಂದಿನ ಸಾಮಾನಿನ ಕೋಣೆ. ಸುತ್ತ ಅಜ್ಜಿಯ ಕೌದಿಗಳನ್ನು ಇಳಿಬಿಟ್ಟರೆ ಗೋಡೆಯ ಮಾರ್ದನಿ ನಿಲ್ಲುತ್ತದೆ. ಕಾಲರ್ ಮೈಕು ಬಾಯಿಯಿಂದ ಒಂದು ಗೇಣು, ಸಮಯ ಬೆಳಗಿನ ಚಹಾ ಆದ ಮೇಲೆ. ಶುರು ಮಾಡುವ ಮೊದಲು ಹಿಂದಿನ ಕಂತಿನ ಮೊದಲ ನಿಮಿಷವನ್ನು ಹೆಡ್‌ಫೋನಿನಲ್ಲಿ ಕೇಳಬೇಕು, ಇಲ್ಲದಿದ್ದರೆ ಮಾಮಾನ ವೇಗ ಪ್ರತಿ ಸಲ ಬೇರೆ. ದನಿಯ ಗಟ್ಟಿತನ ಸಮ ಮಾಡಲು ಈ ಒಂದು ಸಾಲು ಸಾಕು:

```
ffmpeg -i mama.wav -af loudnorm=I=-14:TP=-1.5:LRA=11 -ar 48000 mama_ok.wav
```

ಅತಿ ಜೋರಿದ್ದರೆ ಯೂಟ್ಯೂಬ್ ತಾನೇ ಸುಮಾರು -14 LUFS ಮಟ್ಟಕ್ಕೆ ತಗ್ಗಿಸುತ್ತದೆ, ಆದರೆ ಮೆತ್ತಗಿದ್ದದ್ದನ್ನು ಏರಿಸುವುದಿಲ್ಲ. ಅದಕ್ಕೇ ಮೂರನೇ ಕಂತು ಪಿಸುಮಾತಿನಂತೆ ಕೇಳುತ್ತಿತ್ತು. ಈ ಸಾಲು ಗಾಳಿಯ ಸದ್ದನ್ನೇನೂ ತೆಗೆಯುವುದಿಲ್ಲ, ಹಾಗಾಗಿ ಸವಣೂರಿನ ಮಾತನ್ನು ಕೌದಿ ಕೋಣೆಯಲ್ಲಿ ಮತ್ತೆ ಹೇಳಿಸಿ ಚಿತ್ರದ ಮೇಲೆ ಹಾಕಿದೆವು. ಶಿಶುನಾಳದ್ದನ್ನೂ ಹಾಗೇ, ಈ ಸಲ ಮಾಮಾನ ದನಿಯಲ್ಲೇ. ಒಮ್ಮೆ ಏರಿಸಿದ ವಿಡಿಯೋದ ಧ್ವನಿಯನ್ನು ಅಲ್ಲೇ ಬದಲಿಸಿ ಹೊಸದು ಹಾಕಲು ಆಗದೆ, ಎರಡನ್ನೂ ಹೊಸದಾಗಿಯೇ ಏರಿಸಬೇಕಾಯಿತು. ಹಳೆಯ ಕಮೆಂಟುಗಳು ಹೋದವು, ಮಾಮಾನಿಗೆ ಅದೊಂದು ಬೇಜಾರು.

ನಾನೂ ಒಂದು ತಪ್ಪು ಮಾಡಿದೆ. ಎಲ್ಲಾ ಒಂದೇ ಥರ ಇರಲಿ ಅನ್ನುವ ಹುಮ್ಮಸ್ಸಿನಲ್ಲಿ ನಾಲ್ಕೂ ಥಂಬ್‌ನೇಲಿನಲ್ಲಿ ಮಾಮಾನ ಅದೇ ಫೋಟೋ, ಅದೇ ಹಳದಿ ಹಿನ್ನೆಲೆ ಇಟ್ಟಿದ್ದೆ. ಅದೇ ಹುಡುಗಿಗೆ ತೋರಿಸಿದರೆ, "ಇದನ್ನ ನೋಡೇನ್ರಿ" ಅಂದಳು, ನೋಡದೇ ಇದ್ದ ಕಂತನ್ನು! ಆಮೇಲೆ ಹಳದಿಯನ್ನು ಎಡಗಡೆಯ ಒಂದು ಪಟ್ಟಿಗೆ ಇಳಿಸಿ, ಅದರ ಮೇಲ್ತುದಿಗೆ ತಾಲೂಕಿನ ಹೆಸರು ಬರೆದು, ಉಳಿದ ಜಾಗವನ್ನೆಲ್ಲಾ ಆಯಾ ಊರಿನ ಚಿತ್ರಕ್ಕೆ ಬಿಟ್ಟೆವು. ಪಟ್ಟಿ ಯಾರದು ಅಂತ ಹೇಳಬೇಕು, ಚಿತ್ರ ಏನು ಅಂತ ಹೇಳಬೇಕು.

ಸಂಕ್ರಾಂತಿಗೆ ಮತ್ತೆ ಹೋಗಿದ್ದೆ. ಪಡಸಾಲೆಯಲ್ಲಿ ಐದನೇ ಕಂತನ್ನು, ಶಿಗ್ಗಾವಿ ತಾಲೂಕಿನ ಬಾಡದ ಕನಕದಾಸರದ್ದನ್ನು, ಹಾಕಿ ನೋಡುತ್ತಿದ್ದೆವು. ಪ್ರಶ್ನೆ ಮುಗಿದು ಮೂರು ಗಂಟಿ ಹೊಡೆಯಿತು. ಗೋಡೆಯಾಚೆಯಿಂದ ಆ ಹುಡುಗಿ ಅವರವ್ವನಿಗೆ ಕೂಗಿ ಹೇಳಿದ್ದು ಕೇಳಿಸಿತು, "ಯವ್ವಾ, ಸರ್ ಹೊಸಾದು ಹಾಕ್ಯಾರ!"

ಮಾಮಾ ಏನೂ ಅನ್ನಲಿಲ್ಲ. ಒಳಗೆ ಹೋಗಿ ನೋಟ್‌ಬುಕ್ಕು ತಂದು, ಆರನೆಯದು ಅಂತ ಬರೆದು, ಮುಂದೆ ಯಾವ ಊರು ಅಂತ ನನ್ನ ಕಡೆ ನೋಡಿದರು. ನೀವಾಗಿದ್ದರೆ ಯಾವ ಊರು ಹೇಳುತ್ತಿದ್ದಿರಿ?