ಐವತ್ತು ರೂಪಾಯಿಗೆ ಐದು ಚಿತ್ರ

ನಮ್ಮ ಶಾಗ್ಯದಲ್ಲಿ ಬ್ಲೌಸ್ ಹೊಲಿಯುವ ಅಕ್ಕ ಒಬ್ಬರಿದ್ದಾರೆ. ಲೈನಿಂಗ್ ಬ್ಲೌಸಿಗೆ 250 ರೂಪಾಯಿ ತಗೊಳ್ಳುತ್ತಿದ್ದರು. 2025ರ ಶುರುವಿನಲ್ಲಿ 300 ಮಾಡಬೇಕೆಂದು ನಮ್ಮ ಹತ್ತಿರ ಬಂದರು. "ತಮ್ಮಾ, ಪೇಪರಿಗೆ ಬರೀತೀಯಲ್ಲ, ವಾಟ್ಸಾಪಿಗೆ ಹಾಕೋಕೆ ನಾಲ್ಕು ಮಾತು ಬರೆದುಕೊಡು. ಯಾರೂ ಬೇಜಾರು ಮಾಡ್ಕೋಬಾರದು" ಅಂದರು.

ಐದು ಚಿತ್ರ ಮಾಡಿದೆವು. ಮೊದಲನೆಯದರಲ್ಲಿ "ಪ್ರಿಯ ಗ್ರಾಹಕರೇ, ಅನಿವಾರ್ಯ ಕಾರಣಗಳಿಂದ..." ಎಂದು ಬರೆದಿದ್ದೆವು. ಪಕ್ಕದ ಮನೆಯವರಿಗೆ ತೋರಿಸಿದರೆ, ಮುಂದಿನ ಚಿತ್ರ ನೋಡದೆಯೇ "ಯಾಕವ್ವಾ, ಅಂಗಡಿ ಮುಚ್ಬುಡ್ತೀಯಾ?" ಎಂದು ಕೇಳಿದರು. ತಪ್ಪು ನಮ್ಮದೇ. ಹೇಳಬೇಕಾದ ಮಾತನ್ನು ನಾಲ್ಕನೇ ಚಿತ್ರದಲ್ಲಿ ಬಚ್ಚಿಟ್ಟಿದ್ದೆವು. ಮೊದಲ ಚಿತ್ರವನ್ನು ಹೀಗೆ ಬದಲಿಸಿದೆವು: "ಲೈನಿಂಗ್ ಬ್ಲೌಸ್ 250 ಇತ್ತು. ಮುಂದಿನ ತಿಂಗಳು 1ನೇ ತಾರೀಖಿನಿಂದ 300."

ಎರಡನೆಯದು ಕಾರಣ. ಅಕ್ಕ ಮೊದಲು "ಬಸ್ ಚಾರ್ಜು ಜಾಸ್ತಿಯಾಗಿದೆ" ಎಂದು ಬರೆಸಿದ್ದರು. ಜನವರಿ 5ರಿಂದ ಸರ್ಕಾರಿ ಬಸ್ ದರ ಶೇ. 15 ಏರಿದ್ದು ನಿಜ. ಆದರೆ ಅಕ್ಕ ದಾರ, ಲೈನಿಂಗ್ ತರಲು ಕೊಳ್ಳೇಗಾಲಕ್ಕೆ ಹೋಗುವುದು ಶಕ್ತಿ ಯೋಜನೆಯಲ್ಲಿ, ಪುಕ್ಕಟೆ ಟಿಕೆಟ್ಟಿನಲ್ಲಿ. ಅದೇ ಬಸ್ಸಲ್ಲಿ ಗಿರಾಕಿಗಳೂ ಕೂತಿರುತ್ತಾರೆ. ಒಂದು ಕಾರಣ ಸುಳ್ಳು ಅನಿಸಿದರೆ ಉಳಿದ ನಿಜವನ್ನೂ ಯಾರೂ ನಂಬರು. ಅದನ್ನು ತೆಗೆದೆವು.

ಆಮೇಲೆ ಚೀಟಿ ಹಿಡಿದು ಲೆಕ್ಕ ಹಾಕಿದೆವು. ಒಂದು ಬ್ಲೌಸಿಗೆ ಬೇಕಾದ ಲೈನಿಂಗ್, ದಾರ, ಹುಕ್ಕು ಸೇರಿ 60 ಆಗುತ್ತಿದ್ದುದು 85 ಆಗಿದೆ. ಬಾಡಿಗೆ, ಕರೆಂಟಿನ ಪಾಲು 10 ಹೆಚ್ಚಿದೆ. ಒಟ್ಟು 35. ಏರಿಸುತ್ತಿರುವುದು 50. ಉಳಿದ 15 ಎಲ್ಲಿಗೆ? ಅಕ್ಕ ತಲೆ ತಗ್ಗಿಸಿ, "ಅದು ನನ್ನ ಕೂಲಿ, ಅದನ್ನ ಹೇಳೋದು ಹೆಂಗೆ?" ಅಂದರು. ಹಾಗೇ ಬರೆದೆವು: "ಸಾಮಾನಿಗೆ 25, ಬಾಡಿಗೆ ಕರೆಂಟಿಗೆ 10, ನನ್ನ ಕೂಲಿಗೆ 15."

ಮೂರನೆಯದು: ಈಗಾಗಲೇ ಬಟ್ಟೆ ಕೊಟ್ಟವರಿಗೆ ಹಳೇ ದರವೇ. ನಾಲ್ಕನೆಯದು: ಫಾಲ್, ಆಲ್ಟ್ರೇಷನ್ ದರ ಬದಲಾಗಿಲ್ಲ. ಐದನೆಯದು ಥ್ಯಾಂಕ್ಸ್ ಮತ್ತು ಫೋನ್ ನಂಬರು.

ಇನ್ನೊಂದು ತೊಂದರೆ ಇತ್ತು. ಗ್ರೂಪಿಗೆ ಐದು ಚಿತ್ರ ಒಟ್ಟಿಗೆ ಹಾಕಿದರೆ ನಾಲ್ಕೇ ಚೌಕ ಕಾಣುತ್ತವೆ, ಕೊನೆಯದರ ಮೇಲೆ +ಗುರುತು ಬರುತ್ತದೆ. ಸ್ಟೇಟಸ್ಸಿಗೆ ಹಾಕಿದರೆ ಒಂದು ದಿನಕ್ಕೆ ಮಾಯ, ಅದೂ ಅಕ್ಕನ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ. ಯಾರಾದರೂ ಒಂದೇ ಚಿತ್ರ ಫಾರ್ವರ್ಡ್ ಮಾಡಿದರೆ ಅದು ಯಾರ ಅಂಗಡಿಯದು ಎಂದೇ ಗೊತ್ತಾಗದು. ಹಾಗಾಗಿ ಐದರಲ್ಲೂ ಅಂಗಡಿ ಹೆಸರು, ತಾರೀಖು ಹಾಕಿದೆವು. ಓದಲು ಬಾರದವರಿಗೆ ಅಕ್ಕನ ದನಿಯಲ್ಲೇ ವಾಯ್ಸ್ ಮೆಸೇಜು ಕಳಿಸಿದೆವು.

ಮಾರನೇ ದಿನ ಹಳೇ ಗಿರಾಕಿಯೊಬ್ಬರು ಅಂಗಡಿಗೆ ಬಂದರು. ಚೌಕಾಸಿ ಮಾಡುತ್ತಾರೆಂದು ಅಕ್ಕ ಕಾದಿದ್ದರು. ಅವರು ಕೇಳಿದ್ದು ಒಂದೇ ಮಾತು: "ಬರೀ ಹದಿನೈದೇ ಏನಮ್ಮಾ ನಿನ್ನ ಕೂಲಿಗೆ ಸೇರಿಸ್ಕೊಂಡಿದ್ದು?"